60ಕ್ಕೆ ಲಾಕ್ ಮಾಡಿದ್ರೂ ಪರದೆ ಹರಿಯುತ್ತೆ, ಗೆರೆ ತಳದಿಂದ ಮ್ಯಾಲಕ್ಕ ಏರತೈತಿ. ಯಾಕ?

ಕೊಪ್ಪಳ_ಕೋಟೆ

ಎಲ್ಲಾರಿಗೂ ನಮಸ್ಕಾರ್ರಿ. ಬಸ್ ಓಡಿಸೋ ಗೇಮ್ ಆಡ್ತೀನಿ. ಸರ್ಕಲ್‌ನಾಗ ಬಸ್ ತಿರುವಿದಾಗ ಕ್ಯಾಮೆರಾ ಪಕ್ಕಕ್ಕ ಹೊಳ್ಳತೈತಲ್ಲ, ಆಗ ರಸ್ತೆ ಬಾಜೂಕಿನ ಲೈಟ್ ಕಂಬ ನಡುವ ಕಡದಂಗ ಕಾಣತೈತಿ. ಮ್ಯಾಲಿನ ತುಂಡು ಒಂದ್ಕಡಿ, ಕೆಳಗಿನ ತುಂಡು ಒಂದು ಬೆರಳಿನಷ್ಟು ಆಚಿ. ಸೀದಾ ರಸ್ತೆದಾಗ ಹೊಂಟಾಗ ಅಷ್ಟು ಗೊತ್ತಾಗಂಗಿಲ್ಲ.

ನನ್ನ ಕಡಿ ಇರೋದು ಜಿಟಿಎಕ್ಸ್ 750 ಟಿಐ ಕಾರ್ಡು, ಸೆಕೆಂಡ್ ಹ್ಯಾಂಡ್. ಮಾನಿಟರ್ 1080ಪಿ, 60 ಹರ್ಟ್ಜ್. ವಿ-ಸಿಂಕ್ ಆಫ್. ಗೇಮ್‌ನಾಗ ಎಫ್‌ಪಿಎಸ್ ಲಿಮಿಟ್ 90 ಇಟ್ಟಿದ್ದೆ. ಆಗ ಹೆಚ್ಚು ಕಡಿಮಿ ಸಮ ಅಂತರದಾಗ ಮೂರು ಕಡಿ ಗೆರೆ ಕಾಣತಿದ್ವು. ಈಗ ಲಿಮಿಟ್ 60ಕ್ಕ ಇಳಿಸೀನಿ. ಒಂದೇ ಗೆರೆ ಉಳದೈತಿ, ಆದರ ಅದರ ಆಟ ಬ್ಯಾರೆನ ಐತಿ: ಪರದೆ ತಳದಾಗ ಹುಟ್ಟಿ ನಿಧಾನಕ ಮ್ಯಾಲ ಏರತೈತಿ, ತುದಿ ಮುಟ್ಟಿದ ಮ್ಯಾಲ ಅರೆಕ್ಷಣ ಮಾಯ, ಮತ್ತ ತಳದಾಗ ಹಾಜರ್.

ಮಾನಿಟರೂ 60, ಗೇಮೂ 60. ಎರಡೂ ಸಮ ಇದ್ದ ಮ್ಯಾಲ ಯಾಕ ಹರೀಬೇಕು? ಕೇಬಲ್ ತೊಂದರಿನೋ, ಕಾರ್ಡ್ ಹೋಗಾಕ ಬಂದೈತೋ?

ರಾಯಚೂರ್_ರೈಫಲ್

ಸಿಂಪಲ್ ಅದ ಬ್ರೋ. ಎಫ್‌ಪಿಎಸ್ ಮಾನಿಟರ್ ಹರ್ಟ್ಜ್‌ಗಿಂತ ಜಾಸ್ತಿ ಆದ್ರ ಟೇರಿಂಗ್ ಬರ್ತದ, ಕಡಿಮಿ ಆದ್ರ ಬರಲ್ಲ. 60ಕ್ಕ ಇಟ್ರ ಆಗೊಮ್ಮೆ ಈಗೊಮ್ಮೆ 61 ಆಗ್ತಿರ್ತದ, ಅದಕ್ಕ ಕಾಣ್ತದ. 58ಕ್ಕ ಲಾಕ್ ಮಾಡು, ಹೋಗ್ತದ. ವಿ-ಸಿಂಕ್ ಮಾತ್ರ ಆನ್ ಮಾಡಬ್ಯಾಡ, ಮೌಸ್ ನೀರಾಗ ಮುಳುಗಿದಂಗ ಆಗ್ತದ. ನಾ ಶೂಟಿಂಗ್ ಗೇಮ್ ಆಡ್ತೀನಿ, ಅನುಭವದಿಂದ ಹೇಳ್ತಿದೀನಿ.

ಶಕ್ತಿನಗರ_ವೈರ್‌ಮನ್

ತಮ್ಮಾ, ನಮ್ಮ ಲೈನ್ ಕರೆಂಟ್ 50 ಹರ್ಟ್ಜ್. ನಿನ್ನ ಮಾನಿಟರ್ 60. ತಾಳ ಕೂಡಲ್ಲ, ಅದಕ್ಕ ಗೆರೆ ಓಡ್ತದ. ಹಳೇ ಟಿವಿಯೊಳಗ ಮೇಲಕ್ಕ ಹರಿಯೋ ಪಟ್ಟಿ ನೋಡೀನಿ ನಾನು, ಅರ್ಥಿಂಗ್ ಸರಿ ಇಲ್ಲದ ಮನಿಯೊಳಗ. ಒಮ್ಮೆ ಅರ್ಥಿಂಗ್ ತೋರಿಸು. ಯುಪಿಎಸ್ ಇದ್ರ ಅದರ ಮ್ಯಾಲ ಹಾಕಿ ನೋಡು.

ಸ್ಕ್ಯಾನ್‌ಲೈನ್_ಬಳ್ಳಾರಿ

ಕೋಟೆ ತಮ್ಮಾ, ಕಾರ್ಡು ಕೆಟ್ಟಿಲ್ಲ, ಕೇಬಲ್ಲೂ ಸರಿ ಇದೆ. ಕೇಬಲ್ ತೊಂದರೆ ಇದ್ದರೆ ಚುಕ್ಕೆಗಳು ಮಿನುಗುತ್ತವೆ, ಇಲ್ಲ ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬರುತ್ತೆ. ಚಿತ್ರ ಹೀಗೆ ನೇರ ಗೆರೆಯಲ್ಲಿ ಕಡಿದು ಪಕ್ಕಕ್ಕೆ ಸರಿಯೋದಿಲ್ಲ. ನಾನು ಗ್ರಾಫಿಕ್ಸ್ ಕೋಡ್ ಬರೆಯೋ ಕೆಲಸದಲ್ಲಿದ್ದೇನೆ, ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮಾನಿಟರ್‌ಗೆ ಚಿತ್ರ ಒಂದೇ ಏಟಿಗೆ ಹೋಗೋದಿಲ್ಲ. ಕಾರ್ಡು ತನ್ನ ಮೆಮೊರಿಯಲ್ಲಿರೋ ಫ್ರೇಮನ್ನು ಮೇಲಿನ ಸಾಲಿನಿಂದ ಶುರು ಮಾಡಿ ಒಂದೊಂದೇ ಸಾಲು ಓದಿ ಕೇಬಲ್ಲಿಗೆ ಕಳಿಸುತ್ತೆ. ಎಲ್‌ಸಿಡಿಯೂ ಬಂದ ಸಾಲನ್ನು ಬಂದ ಹಾಗೆ ಮೇಲಿಂದ ಕೆಳಕ್ಕೆ ತೋರಿಸುತ್ತಾ ಹೋಗುತ್ತೆ. 60 ಹರ್ಟ್ಜ್ ಅಂದರೆ ಈ ಒಂದು ಸುತ್ತಿಗೆ ಸುಮಾರು 16.7 ಮಿಲಿಸೆಕೆಂಡ್. 1080ಪಿಯ ಸಾಮಾನ್ಯ ಟೈಮಿಂಗ್‌ನಲ್ಲಿ ಒಂದು ಸುತ್ತಿಗೆ 1125 ಸಾಲು ಲೆಕ್ಕ. 1080 ಕಣ್ಣಿಗೆ ಕಾಣುವಂಥವು. ಉಳಿದ 45 ಸಾಲಿನಷ್ಟು ಹೊತ್ತು ಚಿತ್ರ ಹೋಗೋದಿಲ್ಲ, ಅದು ವಿರಾಮ. ಆ ವಿರಾಮಕ್ಕೆ ವಿ-ಬ್ಲ್ಯಾಂಕ್ ಅಂತೇವೆ. ಮುಕ್ಕಾಲು ಮಿಲಿಸೆಕೆಂಡ್ ಕೂಡ ಇಲ್ಲ ಅದು.

ಇದರ ಜೊತೆಗೇ ಗೇಮ್ ಮುಂದಿನ ಫ್ರೇಮನ್ನು ಇನ್ನೊಂದು ಜಾಗದಲ್ಲಿ ಬರೆಯುತ್ತಿರುತ್ತೆ. ಬರೆದು ಮುಗಿದ ಮೇಲೆ ಹಳೆಯದನ್ನು ಬಿಟ್ಟು ಹೊಸದನ್ನು ಓದು ಅಂತ ಅದಲು ಬದಲು ಮಾಡುತ್ತೆ. ಈ ಅದಲು ಬದಲು ಯಾವಾಗ ಆಗಬೇಕು ಅನ್ನೋದೇ ವಿ-ಸಿಂಕ್ ವಿಷಯ. ಆನ್ ಇದ್ದರೆ ವಿರಾಮ ಬರೋವರೆಗೆ ಕಾಯುತ್ತೆ. ಆಫ್ ಇದ್ದರೆ ಬರೆದು ಮುಗಿದ ಕ್ಷಣವೇ ಬದಲಾಗುತ್ತೆ. ಒಬ್ಬ ಪುಟ ನೋಡಿ ಸಾಲು ಸಾಲಾಗಿ ನಕಲು ಮಾಡುತ್ತಿರುವಾಗ ನಡುವೆ ಪುಟ ಬದಲಿಸಿದರೆ, ನಕಲಿನ ಮೇಲರ್ಧ ಹಳೇ ಪುಟದ್ದು, ಕೆಳಗರ್ಧ ಹೊಸದರದ್ದು ಆಗುತ್ತಲ್ಲ, ನಿನ್ನ ಲೈಟ್ ಕಂಬಕ್ಕೆ ಆಗಿದ್ದು ಅದೇ. 400ನೇ ಸಾಲಿನವರೆಗೆ ಕಂಬ ಹಿಂದಿನ ಫ್ರೇಮ್‌ನಲ್ಲಿದ್ದ ಜಾಗದಲ್ಲಿ, 401ರಿಂದ ಹೊಸ ಜಾಗದಲ್ಲಿ.

ಅಂದರೆ ಗೆರೆ ಎಷ್ಟು ಎತ್ತರದಲ್ಲಿದೆಯೋ ಅದು ಅದಲು ಬದಲಾದ ಹೊತ್ತನ್ನು ತೋರಿಸುತ್ತೆ. 90ರಲ್ಲಿ ಮೂರು ಗೆರೆ ಕಂಡಿದ್ದಕ್ಕೂ ಇದೇ ಕಾರಣ. 90 ಎಫ್‌ಪಿಎಸ್‌ನಲ್ಲಿ 11.1 ಮಿಲಿಸೆಕೆಂಡ್‌ಗೆ ಒಂದು ಫ್ರೇಮ್ ಮುಗಿಯುತ್ತೆ, ಅಂದರೆ 750 ಸಾಲಿಗೊಮ್ಮೆ ಬದಲಾವಣೆ. 1125 ಸಾಲಿನ ಎರಡು ಸುತ್ತಿನಲ್ಲಿ ಇಂಥ ಮೂರು ಬದಲಾವಣೆ ಬೀಳುತ್ತವೆ. ಆ ಮೂರು ಜಾಗಗಳ ನಡುವೆ 375 ಸಾಲಿನ ಅಂತರ. ನೀನು ಸಮ ಅಂತರ ಅಂದಿದ್ದು ಸರಿಯಾಗಿಯೇ ಕಂಡಿದೆ.

ರೈಫಲ್ ಅವರು ಹೇಳಿದ ಜಾಸ್ತಿ–ಕಡಿಮೆ ನಿಯಮ ಬಹಳ ಕಡೆ ಓಡಾಡುತ್ತೆ, ಆದರೆ ನಿಲ್ಲೋದಿಲ್ಲ. 40 ಎಫ್‌ಪಿಎಸ್ ಇದ್ದರೂ ಫ್ರೇಮ್ ಮುಗಿಯೋ ಕ್ಷಣ ಸುತ್ತಿನ ನಡುವೆಯೇ ಬೀಳಬಹುದು. ಕೆಲವು ಸುತ್ತುಗಳಲ್ಲಿ ಬದಲಾವಣೆಯೇ ಇರೋದಿಲ್ಲ, ಹಾಗಾಗಿ ಗೆರೆಗಳ ಸಂಖ್ಯೆ ಕಡಿಮೆ, ಅಷ್ಟೇ.

ವೈರ್‌ಮನ್ ಸರ್, ಹಳೇ ಟ್ಯೂಬ್ ಟಿವಿ ವಿಷಯದಲ್ಲಿ ನಿಮ್ಮ ಮಾತು ನಿಜ. ಅಲ್ಲಿ ಸಪ್ಲೈಯ ಹಮ್ ಚಿತ್ರದೊಳಗೆ ಸೇರಿ ಮಸುಕು ಪಟ್ಟಿ ಓಡುತ್ತಿತ್ತು. ಈಗಿನ ಮಾನಿಟರ್‌ನಲ್ಲಿ ಎಸ್‌ಎಂಪಿಎಸ್ 50 ಹರ್ಟ್ಜ್ ಎಸಿಯನ್ನು ಡಿಸಿ ಮಾಡಿಬಿಡುತ್ತೆ. ರಿಫ್ರೆಶ್‌ನ ತಾಳ ಹುಟ್ಟೋದು ಗ್ರಾಫಿಕ್ಸ್ ಕಾರ್ಡಿನ ಗಡಿಯಾರದಿಂದ, ಲೈನಿನಿಂದ ಅಲ್ಲ. ಲ್ಯಾಪ್‌ಟಾಪನ್ನು ಬರೀ ಬ್ಯಾಟರಿಯಲ್ಲಿ ಓಡಿಸಿದರೂ ಟೇರಿಂಗ್ ಹೀಗೇ ಬರುತ್ತೆ.

ತಮ್ಮಾ, ಎರಡು ಕೆಲಸ ಮಾಡು. ವಿಂಡೋಸ್‌ನಲ್ಲಿ `Settings > System > Display > Advanced display` ತೆಗೆದು ರಿಫ್ರೆಶ್ ರೇಟ್ ಎಷ್ಟು ಅಂತ ಚುಕ್ಕೆ ಆದಮೇಲಿನ ಅಂಕಿ ಸಮೇತ ಬರಿ. ಆಮೇಲೆ ಗೆರೆ ತಳದಿಂದ ತುದಿಗೆ ಏರೋದಕ್ಕೆ ಎಷ್ಟು ಸೆಕೆಂಡ್ ಹಿಡಿಯುತ್ತೆ ಅಂತ ಮೊಬೈಲ್ ಸ್ಟಾಪ್‌ವಾಚ್‌ನಲ್ಲಿ ನೋಡು.

ಗಂಗಾವತಿ_ವಿಡಿಯೋ

ನನ್ನದೂ ಇದೇ ತೊಂದರೆ ಅನಿಸ್ತದ್ರಿ. ಮದುವೆ ವಿಡಿಯೋ ಎಡಿಟಿಂಗ್ ಮಾಡ್ತೀನಿ. ಹಳೇ ಕ್ಯಾಮೆರಾದ ಫುಟೇಜ್ ಕಂಪ್ಯೂಟರ್‌ನಾಗ ಹಚ್ಚಿದ್ರ, ಅಕ್ಷತೆ ಹಾಕೋ ಕೈ ಅಲುಗಿದ ಕಡಿಯೆಲ್ಲ ಅಂಚು ಹಣಿಗಿ ಹಲ್ಲಿನಂಗ ಸೀಳ್ತದ. ಕೈ ನಿಂತ್ರ ಸರಿ ಆಗ್ತದ. ವಿ-ಸಿಂಕ್ ಆನ್ ಮಾಡಿದೆ, ಏನೂ ಫರಕ್ ಇಲ್ಲ. ನನ್ನ ಮಾನಿಟರ್ ಬದಲಿ ಮಾಡಬೇಕೇನ್ರಿ?

ಸ್ಕ್ಯಾನ್‌ಲೈನ್_ಬಳ್ಳಾರಿ

ಅಕ್ಕಾ, ಮಾನಿಟರ್‌ಗೆ ದುಡ್ಡು ಹಾಕಬೇಡಿ. ನಿಮ್ಮದು ಟೇರಿಂಗ್ ಅಲ್ಲ. ಆ ಜಾಗದಲ್ಲಿ ವಿಡಿಯೋ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೀರಿ. ಹಲ್ಲು ಹಲ್ಲು ಸ್ಕ್ರೀನ್‌ಶಾಟ್‌ನಲ್ಲೂ ಬರುತ್ತೆ ನೋಡಿ. ಟೇರಿಂಗ್ ಆಗೋದು ಮೆಮೊರಿಯಿಂದ ಕೇಬಲ್ಲಿಗೆ ಹೋಗೋ ದಾರಿಯಲ್ಲಿ. ಸ್ಕ್ರೀನ್‌ಶಾಟ್ ಮೆಮೊರಿಯಲ್ಲಿರೋ ಇಡೀ ಫ್ರೇಮನ್ನು ಎತ್ತಿಕೊಳ್ಳುತ್ತೆ, ಹಾಗಾಗಿ ಟೇರಿಂಗ್ ಅದರಲ್ಲಿ ಸಿಗೋದಿಲ್ಲ. ಸ್ಕ್ರೀನ್‌ಶಾಟ್‌ನಲ್ಲಿ ಸಿಕ್ಕರೆ ದೋಷ ಫೈಲಿನಲ್ಲೇ ಇದೆ ಅಂತ ಅರ್ಥ.

ನಿಮ್ಮ ಹಳೇ ಕ್ಯಾಮೆರಾ ಇಂಟರ್‌ಲೇಸ್ಡ್ ಇರಬೇಕು, 50ಐ. ಅದು ಮೊದಲು ಒಂದು ಬಿಟ್ಟು ಒಂದು ಸಾಲು ಹಿಡಿಯುತ್ತೆ, ಉಳಿದ ಸಾಲುಗಳನ್ನು ಸೆಕೆಂಡಿನ ಐವತ್ತನೇ ಒಂದು ಭಾಗ ಆದಮೇಲೆ ಹಿಡಿಯುತ್ತೆ. ಅಷ್ಟರಲ್ಲಿ ಕೈ ಮುಂದೆ ಹೋಗಿರುತ್ತೆ. ಎರಡನ್ನೂ ಸೇರಿಸಿ ಒಂದು ಚಿತ್ರ ಮಾಡಿದರೆ ಸಾಲು ಬಿಟ್ಟು ಸಾಲು ಹಣಿಗೆ ಹಲ್ಲು. ವಿಎಲ್‌ಸಿಯಲ್ಲಿ ಹಚ್ಚಿ ಕೀಬೋರ್ಡಿನ `D` ಒತ್ತಿ, ಡಿಇಂಟರ್‌ಲೇಸ್ ಆನ್ ಆಗುತ್ತೆ. ಹಲ್ಲು ಹೋದರೆ ರೋಗ ಅದೇ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೂ ಕ್ಲಿಪ್ಪಿಗೆ ಡಿಇಂಟರ್‌ಲೇಸ್ ಹಾಕಿ ಎಕ್ಸ್‌ಪೋರ್ಟ್ ಮಾಡಿ.

ಗಂಗಾವತಿ_ವಿಡಿಯೋ

`D` ಒತ್ತಿದ್ ಕೂಡಲೇ ಹೋತ್ರಿ! ಸ್ಕ್ರೀನ್‌ಶಾಟ್‌ನಾಗೂ ಹಲ್ಲು ಬಂದಿತ್ತು. ಬಾಳ ಉಪಕಾರ ಆತು.

ಕೊಪ್ಪಳ_ಕೋಟೆ

ಅಣ್ಣಾರ, ನೋಡಿದೆ. ಅಲ್ಲಿ 59.94 Hz ಅಂತ ಐತಿ. ಗೆರೆ ತಳದಿಂದ ತುದಿಗಿ ಹೋಗಾಕ ಹದಿನಾರು ಹದಿನೇಳು ಸೆಕೆಂಡ್ ಹಿಡೀತೈತಿ. ಮತ್ತೊಂದು ಕಂಡೈತಿ: ಗೆರೆ ಒಂದೇ ಸಮ ಏರಂಗಿಲ್ಲ. ಒಂದು ಬೆರಳು ಅಗಲದಾಗ ಮ್ಯಾಲ ಕೆಳಗ ನಡುಗಿಕೋಂತ ಏರತೈತಿ. ಸ್ಕ್ರೀನ್‌ಶಾಟ್‌ನಾಗ ಕಂಬ ನೆಟ್ಟಗ ಐತಿ, ಕಡದಿಲ್ಲ.

ರೈಫಲ್ ಅಣ್ಣ ಹೇಳಿದಂಗ 58ಕ್ಕೂ ಇಟ್ಟು ನೋಡಿದೆ. ಗೆರೆ ಹೋಗಿಲ್ಲ, ಉಲ್ಟಾ ಆತು. ಈಗ ಮ್ಯಾಲಿಂದ ಕೆಳಗ ಓಡತೈತಿ, ಅದೂ ಜೋರು, ಸೆಕೆಂಡಿಗೆ ಎರಡು ಸಲ.

ಸ್ಕ್ಯಾನ್‌ಲೈನ್_ಬಳ್ಳಾರಿ

ಬಹಳ ಚೆನ್ನಾಗಿ ನೋಡಿದ್ದೀಯ. ನಿನ್ನ ಪ್ರಶ್ನೆಗೆ ಉತ್ತರ ಆ 59.94ರಲ್ಲೇ ಇದೆ.

ಟಿವಿ ಲೋಕದಿಂದ ಬಂದ ಬಳುವಳಿ ಅದು. ಅಮೆರಿಕದ ಬಣ್ಣದ ಟಿವಿ ಪದ್ಧತಿಯಲ್ಲಿ 60 ಅನ್ನೋದು 59.94 ಆಯಿತು, ಎಚ್‌ಡಿಎಂಐ ಟೈಮಿಂಗ್‌ಗಳಲ್ಲಿ ಇವತ್ತಿಗೂ ಉಳಿದುಕೊಂಡಿದೆ. ನಿನ್ನ ಮಾನಿಟರ್‌ನ ಒಂದು ಸುತ್ತು 16.683 ಮಿಲಿಸೆಕೆಂಡ್. ಗೇಮ್‌ನ ಲಿಮಿಟರ್ ನೇರ 60 ಹಿಡಿದಿದೆ, ಅದರ ಒಂದು ಫ್ರೇಮ್ 16.667. ಪ್ರತಿ ಸುತ್ತಿನಲ್ಲೂ ಫ್ರೇಮ್ 0.017 ಮಿಲಿಸೆಕೆಂಡ್‌ನಷ್ಟು ಬೇಗ ಮುಗಿಯುತ್ತೆ. ಒಂದು ಸಾಲು ಕಳಿಸೋದಕ್ಕೆ ಹಿಡಿಯೋ ಹೊತ್ತು ಸುಮಾರು 0.015. ಹಾಗಾದರೆ ಅದಲು ಬದಲು ಸುತ್ತಿಗೆ ಒಂದು ಸಾಲಿಗಿಂತ ತುಸು ಜಾಸ್ತಿ ಮೇಲಕ್ಕೆ ಸರಿಯುತ್ತೆ. 1125 ಸಾಲು ದಾಟೋದಕ್ಕೆ ಸಾವಿರ ಸುತ್ತು ಬೇಕು. ಸಾವಿರ ಸುತ್ತು ಅಂದರೆ 16.7 ಸೆಕೆಂಡ್. ನಿನ್ನ ಸ್ಟಾಪ್‌ವಾಚ್ ಹೇಳಿದ್ದೂ ಅಷ್ಟೇ.

ತುದಿ ಮುಟ್ಟಿ ಅರೆಕ್ಷಣ ಮಾಯ ಆಗುತ್ತೆ ಅಂದೆಯಲ್ಲ, ಆಗ ಅದಲು ಬದಲು ಆ 45 ಸಾಲಿನ ವಿರಾಮದೊಳಗೆ ಬಿದ್ದಿರುತ್ತೆ. ಆ ವೇಗದಲ್ಲಿ 45 ಸಾಲು ದಾಟೋದಕ್ಕೆ ಮುಕ್ಕಾಲು ಸೆಕೆಂಡ್‌ಗಿಂತ ಸ್ವಲ್ಪ ಕಡಿಮೆ. ಅಷ್ಟು ಹೊತ್ತು ನಿನಗೆ ವಿ-ಸಿಂಕ್ ಇಲ್ಲದೆಯೇ ಪೂರ್ತಿ ಚಿತ್ರ ಸಿಕ್ಕಿತ್ತು. ವಿ-ಸಿಂಕ್ ಮಾಡೋದು ಇಷ್ಟೇ: ಪ್ರತಿ ಬದಲಾವಣೆಯನ್ನೂ ಅದೇ ಸಂದಿಗೆ ತಂದು ನಿಲ್ಲಿಸುತ್ತೆ.

ನಡುಕ ಇರೋದು ಲಿಮಿಟರ್‌ನಿಂದ. ಗೇಮ್ ಒಳಗಿನ ಲಿಮಿಟರ್ ಸರಾಸರಿ 60 ಕೊಡುತ್ತೆ, ಆದರೆ ಒಂದೊಂದು ಫ್ರೇಮ್ ಸ್ವಲ್ಪ ಹಿಂದೆ ಮುಂದೆ ಮುಗಿಯುತ್ತೆ. ಅರ್ಧ ಮಿಲಿಸೆಕೆಂಡ್ ಏರುಪೇರಾದರೂ ಪರದೆಯ ಮೇಲೆ 34 ಸಾಲು. ನೀನು ಹೇಳಿದ ಒಂದು ಬೆರಳಿನ ನಡುಕ ಅದೇ.

58ರಲ್ಲಿ ಫ್ರೇಮ್ 17.24 ಮಿಲಿಸೆಕೆಂಡ್. ಈಗ ಫ್ರೇಮ್ ಸುತ್ತಿಗಿಂತ ನಿಧಾನ, ಹಾಗಾಗಿ ಗೆರೆ ಕೆಳಕ್ಕೆ ಸರಿಯುತ್ತೆ. 59.94ರಲ್ಲಿ 58 ಕಳೆದರೆ ಉಳಿಯೋದು 1.94, ಸೆಕೆಂಡಿಗೆ ಸುಮಾರು ಎರಡು ಸಲ. ಗೆರೆ ಮೇಲೆ ಹೋದರೆ ಗೇಮ್ ಮಾನಿಟರ್‌ಗಿಂತ ಜೋರು, ಕೆಳಗೆ ಬಂದರೆ ನಿಧಾನ. ಲಿಮಿಟರ್ ಎಷ್ಟೇ ಚೆನ್ನಾಗಿದ್ದರೂ ಅದರ ಗಡಿಯಾರ ಬೇರೆ, ಕಾರ್ಡು ಸಾಲು ಕಳಿಸೋ ಗಡಿಯಾರ ಬೇರೆ. ಅಂಕಿ ಸಮ ಮಾಡಿದರೆ ಗೆರೆ ನಿಧಾನ ಆಗುತ್ತೆ, ಹೋಗೋದಿಲ್ಲ.

ರಾಯಚೂರ್_ರೈಫಲ್

ಗೆರೆ ಉಲ್ಟಾ ಓಡಿದ್ದು ಕೇಳಿ ನಾನೂ ನನ್ನ ಸಿಸ್ಟಂನಾಗ ಮಾಡಿ ನೋಡಿದೆ, ಖರೆ ಅದ. ಆದ್ರ ನನ್ನ ಗೇಮ್‌ನಾಗ 240 ಎಫ್‌ಪಿಎಸ್ ಬಿಟ್ರ 60 ಹರ್ಟ್ಜ್ ಮಾನಿಟರ್‌ನಾಗೂ ಟೇರಿಂಗ್ ಕಾಡಂಗಿಲ್ಲ. ನಿಮ್ಮ ಲೆಕ್ಕದ ಪ್ರಕಾರ ಗೆರೆ ಜಾಸ್ತಿ ಆಗಬೇಕಲ್ಲ?

ಸ್ಕ್ಯಾನ್‌ಲೈನ್_ಬಳ್ಳಾರಿ

ಜಾಸ್ತಿ ಆಗಿವೆ, ಸುತ್ತಿಗೆ ನಾಲ್ಕರಂತೆ. ಕಾಣದೇ ಇರೋದಕ್ಕೆ ಕಾರಣ ಒಂದೊಂದು ಕಡಿತವೂ ಸಣ್ಣದು. ಕ್ಯಾಮೆರಾ ಒಂದು ಸೆಕೆಂಡಿಗೆ ಪರದೆಯ ಪೂರ್ತಿ ಅಗಲ, ಅಂದರೆ 1920 ಪಿಕ್ಸೆಲ್ ತಿರುಗಿತು ಅಂತಿಟ್ಟುಕೊಳ್ಳಿ. 60 ಎಫ್‌ಪಿಎಸ್‌ನಲ್ಲಿ ಎರಡು ಫ್ರೇಮ್‌ಗಳ ನಡುವೆ ಕಂಬ 32 ಪಿಕ್ಸೆಲ್ ಸರಿದಿರುತ್ತೆ, ತುಂಡೂ ಅಷ್ಟೇ ಆಚೆ ಕೂರುತ್ತೆ. 240ರಲ್ಲಿ ಬರೀ 8 ಪಿಕ್ಸೆಲ್. ಶೂಟಿಂಗ್ ಗೇಮ್ ಆಡೋರಿಗೆ ಅದು ಲೆಕ್ಕಕ್ಕಿಲ್ಲ. ಪರದೆಯ ಕೆಳಭಾಗದಲ್ಲಿ ಹೊಚ್ಚ ಹೊಸ ಫ್ರೇಮ್ ಸಿಗೋ ಲಾಭವೂ ಇದೆ. ನಿಮ್ಮ ಆಟಕ್ಕೆ ವಿ-ಸಿಂಕ್ ಬೇಡ ಅನ್ನೋದು ನನಗೂ ಒಪ್ಪಿಗೆ. ಕೋಟೆ ತಮ್ಮನ 750 ಟಿಐ ಆ ಬಸ್ ಗೇಮನ್ನು 240ಕ್ಕೆ ಒಯ್ಯೋದಿಲ್ಲ, ಅವನಿಗೆ ಬೇಕಾಗಿರೋದು ನೆಟ್ಟಗಿರೋ ಕಂಬ.

ಕೊಪ್ಪಳ_ಕೋಟೆ

ವಿ-ಸಿಂಕ್ ಆನ್ ಮಾಡಿದೆ ಅಣ್ಣಾರ. ಹೈವೇದಾಗ ಕಂಬ ಕಡಿಯೋದು ಪೂರ್ತಿ ನಿಂತೈತಿ. ಆದರ ಬಸ್ ಸ್ಟ್ಯಾಂಡ್ ಒಳಗ ಹೋದ್ರ ಎಫ್‌ಪಿಎಸ್ 60ರಿಂದ ದಪ್ ಅಂತ 30ಕ್ಕ ಬೀಳತೈತಿ. ವಿ-ಸಿಂಕ್ ಆಫ್ ಇದ್ದಾಗ ಅದೇ ಜಾಗದಾಗ 54 ಬರತಿತ್ತು. ಇಷ್ಟ್ಯಾಕ ಬೀಳಬೇಕು? ಮತ್ತ ಸ್ಟೇರಿಂಗ್ ಒಂಚೂರು ತಡಾ ಅನಿಸತೈತಿ.

ಸ್ಕ್ಯಾನ್‌ಲೈನ್_ಬಳ್ಳಾರಿ

54 ಎಫ್‌ಪಿಎಸ್ ಅಂದರೆ ಬಸ್ ಸ್ಟ್ಯಾಂಡಿನಲ್ಲಿ ಒಂದು ಫ್ರೇಮ್‌ಗೆ 18.5 ಮಿಲಿಸೆಕೆಂಡ್ ಹಿಡಿಯುತ್ತೆ. ವಿರಾಮ ಬರೋದು 16.7ಕ್ಕೆ. ಎರಡು ಮಿಲಿಸೆಕೆಂಡ್‌ಗಿಂತ ಕಡಿಮೆ ಹೊತ್ತಿನಲ್ಲಿ ತಪ್ಪಿತು, ಮುಂದಿನ ವಿರಾಮ 33.4ಕ್ಕೆ. ಅಲ್ಲಿವರೆಗೆ ಹಳೇ ಫ್ರೇಮನ್ನೇ ಇನ್ನೊಂದು ಸಲ ತೋರಿಸುತ್ತೆ. ಬರೆಯೋದಕ್ಕೆ ಖಾಲಿ ಜಾಗ ಇಲ್ಲದ್ದರಿಂದ ಕಾರ್ಡು ಆ 15 ಮಿಲಿಸೆಕೆಂಡ್ ಸುಮ್ಮನೆ ಕೂರುತ್ತೆ. ಪ್ರತಿ ಫ್ರೇಮ್‌ಗೂ ಹೀಗೇ ಆದರೆ ನೇರ 30. ಫ್ರೇಮ್ ಬರೆಯೋ ಜಾಗ, ಅಂದರೆ ಬಫರ್, ಎರಡೇ ಇದ್ದಾಗ ಮೆಟ್ಟಿಲು 60, 30, 20 ಹೀಗೇ ಇರುತ್ತೆ, ನಡುವೆ ಏನೂ ಇಲ್ಲ. ಗೇಮ್‌ನಲ್ಲಿ `Triple buffering` ಇದ್ದರೆ ಮೂರನೇ ಜಾಗ ಸಿಗುತ್ತೆ, ಕಾರ್ಡು ಸುಮ್ಮನಿರೋದಿಲ್ಲ, ಕೌಂಟರ್ ಮತ್ತೆ 54 ತೋರಿಸುತ್ತೆ. ಆದರೂ ಸೆಕೆಂಡಿಗೆ ಆರು ಸಲ ಒಂದು ಫ್ರೇಮ್ ಎರಡು ಸುತ್ತು ನಿಲ್ಲುತ್ತೆ, ತಿರುವಿನಲ್ಲಿ ಸಣ್ಣ ಜಗ್ಗಾಟ ಕಾಣುತ್ತೆ.

ನನಗೆ ಸರಿ ಅನ್ನಿಸೋ ದಾರಿ, ನೆರಳಿನ ಸೆಟ್ಟಿಂಗ್ ಒಂದು ಹಂತ ಇಳಿಸೋದು. ಬಸ್ ಸ್ಟ್ಯಾಂಡ್‌ನಂಥ ಕಡೆ ಜನ, ಕಂಬ, ಬಸ್ಸುಗಳ ನೆರಳೇ ಕಾರ್ಡಿಗೆ ಭಾರ. 18.5 ಹೋಗಿ 15–16ಕ್ಕೆ ಬಂದರೆ ಸಾಕು, 60 ಕದಲೋದಿಲ್ಲ. ಅದು ಬೇಡ ಅಂದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ `Vertical sync` ಅನ್ನು `Adaptive` ಮಾಡು. 60 ಸಿಗೋ ಕಡೆ ಸಿಂಕ್ ಇರುತ್ತೆ, ಬಿದ್ದಾಗ ತಾನೇ ಆಫ್ ಆಗುತ್ತೆ. ಬಸ್ ಸ್ಟ್ಯಾಂಡಿನಲ್ಲಿ ಕಂಬ ಕಡಿಯುತ್ತೆ, 30ಕ್ಕೆ ಬೀಳೋದಿಲ್ಲ.

ಸ್ಟೇರಿಂಗ್ ತಡ ಅನ್ನೋದು ರೈಫಲ್ ಅವರು ಮೊದಲೇ ಹೇಳಿದ ಕಷ್ಟ. ಹೈವೇಯಲ್ಲಿ ಕಾರ್ಡು ಬೇಗ ಮುಗಿಸಿ ವಿರಾಮಕ್ಕೆ ಕಾಯುತ್ತೆ. ಆ ಹೊತ್ತಿನಲ್ಲಿ ಗೇಮ್ ಮುಂದಿನ ಫ್ರೇಮ್‌ಗಳ ಕೆಲಸವನ್ನು ಸರದಿ ಸಾಲಿನಲ್ಲಿ ನಿಲ್ಲಿಸುತ್ತೆ. ಡೈರೆಕ್ಟ್‌ಎಕ್ಸ್ ಡೀಫಾಲ್ಟಾಗಿ ಮೂರು ಫ್ರೇಮ್‌ವರೆಗೆ ಬಿಡುತ್ತೆ. ಸಾಲು ತುಂಬಿದರೆ ನೀನು ಸ್ಟೇರಿಂಗ್ ತಿರುವಿದ್ದು ಪರದೆಗೆ ಬರೋದು 50 ಮಿಲಿಸೆಕೆಂಡ್ ತಡವಾಗಿ. ಅದೇ ಪ್ಯಾನೆಲ್‌ನಲ್ಲಿ `Low Latency Mode` ಅನ್ನು `On` ಮಾಡಿದರೆ ಸಾಲು ಒಂದಕ್ಕೆ ಇಳಿಯುತ್ತೆ.

ರಾಯಚೂರ್_ರೈಫಲ್

ವಿ-ಸಿಂಕ್ ಆನ್ ಮಾಡಿ, ಜೊತಿಗೆ ಲಿಮಿಟ್ 58 ಇಟ್ರ ಆ ಸಾಲು ತುಂಬಂಗೇ ಇಲ್ಲ. ತಡಾನೂ ಇಲ್ಲ, ಟೇರಿಂಗೂ ಇಲ್ಲ. ಹರ್ಟ್ಜ್‌ಗಿಂತ ಎರಡು ಮೂರು ಕಡಿಮಿ ಇಡ್ರಿ ಅಂತ ಎಲ್ಲಾ ಕಡೆ ಹೇಳ್ತಾರ.

ಸ್ಕ್ಯಾನ್‌ಲೈನ್_ಬಳ್ಳಾರಿ

ತಡ ಕಡಿಮೆ ಆಗೋದು ನಿಜ. ಆದರೆ ಎರಡು ಮೂರು ಕಡಿಮೆ ಅನ್ನೋ ಸಲಹೆ ಜಿ-ಸಿಂಕ್, ಫ್ರೀಸಿಂಕ್ ಮಾನಿಟರ್‌ಗಳಿಗೆ ಹುಟ್ಟಿದ್ದು. ಅಲ್ಲಿ ಫ್ರೇಮ್ ಬಂದಾಗ ಸುತ್ತು ಶುರುವಾಗುತ್ತೆ. ಕೋಟೆಯ ಮಾನಿಟರ್ ಫ್ರೇಮ್‌ಗೆ ಕಾಯೋದಿಲ್ಲ. ಸೆಕೆಂಡಿಗೆ 60 ಸುತ್ತು, 58 ಹೊಸ ಫ್ರೇಮ್, ಎರಡು ಸಲ ಹಳೆಯದೇ ಮತ್ತೆ ಬರುತ್ತೆ. ಕ್ಯಾಮೆರಾ ಒಂದೇ ಸಮ ಪಕ್ಕಕ್ಕೆ ಹೋಗುವಾಗ ಅದು ತಡವರಿಸಿದ ಹಾಗೆ ಕಾಣುತ್ತೆ. ಇಲ್ಲಿ ಲಿಮಿಟ್ 59.93ರಂತೆ ಕೂದಲೆಳೆಯಷ್ಟೇ ಕೆಳಗಿರಬೇಕು. ಗೇಮ್ ಒಳಗಿನ ಲಿಮಿಟರ್‌ನಲ್ಲಿ ಅಂಥ ಅಂಕಿ ಹಾಕೋದಕ್ಕೆ ಬರೋದಿಲ್ಲ, ರಿವಾಟ್ಯೂನರ್‌ನಂಥ ಹೊರಗಿನ ಸಾಫ್ಟ್‌ವೇರ್ ಬೇಕು.

ರಾಯಚೂರ್_ರೈಫಲ್

ನನ್ನ ಕಣ್ಣಿಗೆ ಆ ಎರಡು ರಿಪೀಟ್ ಯಾವತ್ತೂ ಬಿದ್ದಿಲ್ರಿ. ನಾ ಒಪ್ಪಲ್ಲ.

ಕೊಪ್ಪಳ_ಕೋಟೆ

ನನಗ ಕಾಣತೈತಿ ಅಣ್ಣಾ. ಸರ್ಕಲ್ ತಿರುವಿನಾಗ ಅಂಗಡಿ ಬೋರ್ಡ್ ಓದಾಕ ಹೋದ್ರ ಅರ್ಧ ಸೆಕೆಂಡಿಗೊಮ್ಮೆ ಬೋರ್ಡ್ ತಡದಂಗ ಆಗತೈತಿ. ಮೌಸ್ ಜಾಡಿಸಿ ನೋಡಿದ್ರ ಗೊತ್ತಾಗಂಗಿಲ್ಲ.

ನೆರಳು ಇಳಿಸಿದೆ, ಬಸ್ ಸ್ಟ್ಯಾಂಡಿನಾಗೂ ಈಗ 60 ಬಿಟ್ಟು ಕದಲವಲ್ದು. ಕಡೀಕ ಒಂದು: ಬಳ್ಳಾರಿಯೊಳಗ ಒಬ್ರು 48–75 ಹರ್ಟ್ಜ್ ಫ್ರೀಸಿಂಕ್ ಮಾನಿಟರ್ ಮಾರಾಕ್ಹತ್ಯಾರ. ತಗೊಂಡ್ರ ಈ ಎಲ್ಲಾ ಗೋಳು ತಪ್ಪತೈತೇನ್ರಿ?

ಸ್ಕ್ಯಾನ್‌ಲೈನ್_ಬಳ್ಳಾರಿ

ಈ ಕಾರ್ಡಿನ ಜೊತೆ ಬೇಡ. 2019ರ ಜನವರಿಯಿಂದ ಎನ್‌ವಿಡಿಯಾ ಡ್ರೈವರ್ ಫ್ರೀಸಿಂಕ್ ಮಾನಿಟರ್‌ಗಳನ್ನು ಒಪ್ಪಿಕೊಳ್ಳುತ್ತೆ, ಆದರೆ ಜಿಟಿಎಕ್ಸ್ 10 ಸರಣಿಯಿಂದ ಮೇಲಿನ ಕಾರ್ಡುಗಳಿಗೆ ಮಾತ್ರ. 750 ಟಿಐಗೆ ಅದು ಬರೀ 75 ಹರ್ಟ್ಜ್‌ನ ಸಾಮಾನ್ಯ ಮಾನಿಟರ್ ಆಗಿ ಸಿಗುತ್ತೆ. ಆಗ ವಿ-ಸಿಂಕ್‌ನ ಗಡುವು 13.3 ಮಿಲಿಸೆಕೆಂಡ್. ನೆರಳು ಇಳಿಸಿದ ಮೇಲೂ ಬಸ್ ಸ್ಟ್ಯಾಂಡಿನಲ್ಲಿ 15–16 ಹಿಡಿಯುತ್ತಿದ್ದರೆ ಮತ್ತೆ ಗಡುವು ತಪ್ಪುತ್ತೆ, ಬೀಳೋದು 37ಕ್ಕೆ. ಮುಂದೆ ಕಾರ್ಡು ಬದಲಿಸೋ ಯೋಚನೆ ಇದ್ದರೆ ಆ ಮಾನಿಟರ್‌ಗೆ ಡಿಸ್‌ಪ್ಲೇಪೋರ್ಟ್ ಇದೆಯಾ ಅಂತ ಹಿಂದುಗಡೆ ನೋಡಿಕೊಂಡು ಮಾತಾಡು. ಬರೀ ಎಚ್‌ಡಿಎಂಐ ಇದ್ದರೆ ಎನ್‌ವಿಡಿಯಾ 10 ಸರಣಿ ಕಾರ್ಡ್ ಹಾಕಿದರೂ ಆ ಹಳೇ ಮಾನಿಟರ್‌ನಲ್ಲಿ ಫ್ರೀಸಿಂಕ್ ಸಿಗೋದಿಲ್ಲ.